22ನೇ ಬ್ಲಾಕಿನಲ್ಲಿ 901 ಸೆಕೆಂಡು

2016ರ ಡಿಸೆಂಬರ್ 31, ರಾತ್ರಿ ಪಾಳಿ ನನ್ನದು. ಗದಗದ ಕಂಟ್ರೋಲ್ ರೂಮಿನಲ್ಲಿ ನಾವಿಬ್ಬರೇ. ಕಪ್ಪತಗುಡ್ಡದ ಕಡೆಯ ಗಾಳಿ ಫ್ಯಾನುಗಳ ಕರೆಂಟಿನ ಲೆಕ್ಕ ನಮ್ಮಲ್ಲಿಗೆ ಬರುತ್ತದೆ. ಲಾಗರ್ ಸೆಕೆಂಡಿಗೊಂದು ಸಾಲು ಬರೆಯುತ್ತದೆ. ಕಾಲು ಗಂಟೆಯ ಒಂದು ಬ್ಲಾಕಿಗೆ 900 ಸಾಲು, ದಿನಕ್ಕೆ 96 ಬ್ಲಾಕು. ಒಟ್ಟು 86,400. ಒಂದು ಸಾಲು ಹೆಚ್ಚು ಕಡಿಮೆಯಾದರೂ ಸ್ಕ್ರೀನ್ ಕೆಂಪಾಗುತ್ತದೆ.

ಆ ರಾತ್ರಿ ಲೀಪ್ ಸೆಕೆಂಡ್, ಅಂದರೆ ಗಡಿಯಾರಕ್ಕೆ ಹೆಚ್ಚಿಗೆ ಸೇರಿಸುವ ಒಂದು ಸೆಕೆಂಡ್, ಬರುತ್ತದೆ ಎಂದು ಮೊದಲೇ ಮೇಲ್ ಬಂದಿತ್ತು. `2016-12-31 23:59:60 UTC` ಅಂತ ಅದರಲ್ಲಿ ಸ್ಪಷ್ಟವಾಗಿತ್ತು. ನನ್ನ ಕಣ್ಣು ಹೋದದ್ದು 31ರ ಮೇಲೆ, 23:59ರ ಮೇಲೆ. ಕೊನೆಯ ಮೂರು ಅಕ್ಷರದ ಮೇಲೆ ಹೋಗಲಿಲ್ಲ.

ಹನ್ನೊಂದೂವರೆಯಿಂದಲೇ ಕುರ್ಚಿ ಬಿಟ್ಟು ಏಳಲಿಲ್ಲ. 2012ರ ಜುಲೈ 1ರ ಕಥೆ ತಲೆಯಲ್ಲಿತ್ತು. ಅವತ್ತಿನ ಲೀಪ್ ಸೆಕೆಂಡಿಗೆ ಎಷ್ಟೋ ಲಿನಕ್ಸ್ ಸರ್ವರ್‌ಗಳಲ್ಲಿ ಸಿಪಿಯು ಪೂರ್ತಿ ಏರಿ ಕೂತಿತ್ತು. ನಮ್ಮದೂ ಹಾಗಾದರೆ ಅಂತ ಒಂದು ಟರ್ಮಿನಲ್‌ನಲ್ಲಿ `top`, ಇನ್ನೊಂದರಲ್ಲಿ ಗಡಿಯಾರ ತೆರೆದಿಟ್ಟೆ. 23:59:58, 59, 00:00:00. ಏನೂ ಆಗಲಿಲ್ಲ. ಹೊರಗೆ ಪಟಾಕಿ ಸದ್ದು. ಲಾಗ್ ಬುಕ್ಕಿನಲ್ಲಿ ನನ್ನ ಕೈಯಾರೆ ಬರೆದೆ: "ಲೀಪ್ ಸೆಕೆಂಡ್ ಆಯಿತು, ತೊಂದರೆ ಇಲ್ಲ." ಆ ಸಾಲು ಈಗ ನೋಡಿದರೂ ಹೊಟ್ಟೆಯಲ್ಲಿ ಒಂಥರಾ ಆಗುತ್ತದೆ.

ಬೆಳಿಗ್ಗೆ 5:31ಕ್ಕೆ 22ನೇ ಬ್ಲಾಕ್ ಕೆಂಪಾಯಿತು. ಅದು 5:15ರಿಂದ 5:30ರವರೆಗಿನ ಬ್ಲಾಕು. ಒಂದು ಸಾಲೂ ಡೇಟಾಬೇಸಿಗೆ ಹೋಗಿರಲಿಲ್ಲ. ಲಾಗರ್ ಕಳಿಸಿದ ಫೈಲ್ ತೆರೆದು ಕೊನೆಗೆ ಹೋದೆ.

```
seq     epoch       kW
418234  1483228798  3592
418235  1483228799  3598
418236  1483228799  3607
418237  1483228800  3601
```

ಒಂದೇ ಸಮಯದ ಎರಡು ಸಾಲು. ನಮ್ಮ ಟೇಬಲ್‌ನಲ್ಲಿ ಸಮಯವೇ ಪ್ರೈಮರಿ ಕೀ, ಅಂದರೆ ಒಂದು ಸಮಯಕ್ಕೆ ಒಂದೇ ಸಾಲು. ಎರಡನೆಯದಕ್ಕೆ ಡೇಟಾಬೇಸ್ ಬೇಡ ಅಂದಿತು, ಅದರ ಜೊತೆ ಇಡೀ ಫೈಲ್ ವಾಪಸ್ಸಾಯಿತು. ಆರಕ್ಕೆ ಪಾಳಿ ಬದಲು, ಅಷ್ಟರೊಳಗೆ ವರದಿ ಹೋಗಬೇಕು. ಬ್ಲಾಕ್ ಖಾಲಿ ಇದ್ದರೆ ವರದಿಯಲ್ಲಿ ಸೊನ್ನೆ ಬೀಳುತ್ತದೆ.

ಲೀಪ್ ಸೆಕೆಂಡ್ ಇರಬಹುದಾ ಅಂತ ಜೊತೆಗಿದ್ದ ಹುಡುಗ ಕೇಳಿದ. "ಅದು ರಾತ್ರಿನೇ ಮುಗೀತಲ್ಲೋ" ಅಂದೆ. ಲಾಗರ್ ಕೆಟ್ಟಿದೆ ಎಂದು ತೀರ್ಮಾನಿಸಿ ಡಂಬಳದಲ್ಲಿದ್ದ ಟೆಕ್ನಿಷಿಯನ್‌ಗೆ ಫೋನ್ ಮಾಡಿದೆ. ಆ ಚಳಿಯಲ್ಲಿ ಬೈಕ್ ಮೇಲೆ ಹೋದ. ಅರ್ಧ ಗಂಟೆ ಬಿಟ್ಟು ಅವನದೇ ಫೋನ್: "ಸರ್, ಕೇಬಲ್ ಬರೋಬ್ಬರಿ ಅದಾವ್ರಿ, ಜಿಪಿಎಸ್ ಲಾಕ್ ಐತ್ರಿ, ಟೈಮ್ ಸೈತ ಕರೆಕ್ಟ್ ಐತ್ರಿ." ನಾನು ನಂಬಲಿಲ್ಲ. ಸರಿಯಾಗಿ ನೋಡಿಲ್ಲ ನೀನು ಅಂತ ಜೋರು ಮಾಡಿದೆ. ಅಷ್ಟೊತ್ತಿಗಾಗಲೇ ನಾನು 418236ರ ಸಾಲು ಅಳಿಸಿ, ಫೈಲನ್ನು ಮತ್ತೆ ಹಾಕಿ, 900 ಸಾಲು ಮಾಡಿ ಹಸಿರು ತಂದಿದ್ದೆ.

ಸೋಮವಾರ ನಮ್ಮ ಸೀನಿಯರ್ ಮೇಡಂ ಲಾಗರಿನ `dmesg`, ಅಂದರೆ ಅದರ ಕರ್ನಲ್ ಬರೆದಿಟ್ಟ ಸಂದೇಶಗಳನ್ನು ತೆಗೆದು ನನ್ನ ಮುಂದಿಟ್ಟರು.

```
Clock: inserting leap second 23:59:60 UTC
```

ಯುಟಿಸಿ ಅಂದರೆ ಇಡೀ ಜಗತ್ತಿನ ಪ್ರಮಾಣ ಸಮಯ, ಅದಕ್ಕಿಂತ ನಾವು ಐದೂವರೆ ಗಂಟೆ ಮುಂದೆ. ಅಲ್ಲಿನ 23:59:60 ಇಲ್ಲಿ ಬೆಳಿಗ್ಗೆ 5:29:60. ಹಾಗಾಗಿ ಲಂಡನ್‌ನಲ್ಲಿ ಉದ್ದವಾದದ್ದು ಡಿಸೆಂಬರ್ 31. ನಮ್ಮಲ್ಲಿ 86,401 ಸೆಕೆಂಡಿನ ದಿನ ಜನವರಿ 1. ಲೀಪ್ ಸೆಕೆಂಡ್ ಇಡೀ ಜಗತ್ತಿಗೆ ಒಂದೇ ಕ್ಷಣಕ್ಕೆ ಬರುತ್ತದೆ, ಊರೂರಿನ ನಡುರಾತ್ರಿಗೆ ಕಾಯುವುದಿಲ್ಲ.

ಟೆಕ್ನಿಷಿಯನ್‌ಗೆ ಫೋನ್ ಮಾಡಿ ತಪ್ಪಾಯಿತು ಅಂದೆ. ಅವನು ಬೇಜಾರು ತೋರಿಸಲಿಲ್ಲ, ಒಂದೇ ಪ್ರಶ್ನೆ ಕೇಳಿದ: "ಅಲ್ರಿ ಸರ್, ಆ ಒಂದು ಸೆಕೆಂಡ್ ಎಲ್ಲಿಂದ ಬಂತ್ರಿ?"

ನಾನು ಅಲ್ಲಿಯತನಕ ಭೂಮಿ ನಿಧಾನವಾಗುತ್ತಿದೆ, ಅದಕ್ಕೇ ಅಂತಿದ್ದೆ. ಅದು ಅರ್ಧ ಉತ್ತರ. ಭೂಮಿ ನಿಧಾನವಾಗುವುದು ತೀರಾ ಕಡಿಮೆ, ನೂರು ವರ್ಷಕ್ಕೆ ಒಂದು ದಿನದ ಉದ್ದ ಸುಮಾರು ಎರಡು ಮಿಲಿಸೆಕೆಂಡ್‌ಗಿಂತ ಕಡಿಮೆಯೇ ಹೆಚ್ಚುತ್ತದೆ. ಅಸಲಿ ವಿಷಯ ಸೆಕೆಂಡಿನ ಅಳತೆಯಲ್ಲಿದೆ. 1967ರಲ್ಲಿ ಸೆಕೆಂಡನ್ನು ಸೀಸಿಯಂ ಪರಮಾಣುವಿಗೆ ಕಟ್ಟಿದರು. ಆದರೆ ಆ ಸೆಕೆಂಡಿನ ಉದ್ದ ಬಂದದ್ದು 18 ಮತ್ತು 19ನೇ ಶತಮಾನದ ಆಕಾಶದ ವೀಕ್ಷಣೆಗಳಿಂದ. ಅಂದರೆ 86,400 ಸೆಕೆಂಡಿಗೆ ಸರಿಯಾಗಿ ಒಂದು ದಿನ ಆಗುತ್ತಿದ್ದದ್ದು ಹೆಚ್ಚುಕಡಿಮೆ 1820ರ ಹೊತ್ತಿಗೆ. ಅಲ್ಲಿಂದ 2016ರ ಹೊತ್ತಿಗೆ ದಿನ ಒಂದೆರಡು ಮಿಲಿಸೆಕೆಂಡ್ ಉದ್ದವಾಗಿತ್ತು.

ದಿನಾ ಒಂದಿಷ್ಟೇ ಹಿಂದೆ ಬೀಳುವ ಗೋಡೆ ಗಡಿಯಾರ ನೆನೆಸಿಕೊಳ್ಳಿ. ಅದರ ಓಟ ಇನ್ನಷ್ಟು ನಿಧಾನ ಆಗಬೇಕಂತಿಲ್ಲ, ಬಾಕಿ ತಾನೇ ಬೆಳೆಯುತ್ತದೆ. ದಿನಕ್ಕೆ ಒಂದು ಮಿಲಿಸೆಕೆಂಡ್ ಹಿಂದೆ ಬಿದ್ದರೆ ಸಾವಿರ ದಿನಕ್ಕೆ ಒಂದು ಸೆಕೆಂಡ್. ಭೂಮಿ ಹೀಗೆ ಪರಮಾಣು ಗಡಿಯಾರಕ್ಕಿಂತ ಹಿಂದೆ ಬೀಳುತ್ತದೆ. ಅಂತರ 0.9 ಸೆಕೆಂಡ್ ದಾಟಬಾರದು ಅಂತ ನಿಯಮ. ಅದಕ್ಕೇ 1972ರಿಂದ ಆಗಾಗ ಒಂದು ಸೆಕೆಂಡ್ ಸೇರಿಸಿ, ಭೂಮಿ ಬಂದು ಸೇರಲಿ ಅಂತ ಕಾಯುತ್ತಾರೆ. ನಮ್ಮ 22ನೇ ಬ್ಲಾಕಿನಲ್ಲಿ ಬಂದದ್ದು 27ನೆಯದು.

ಕಾಯುವುದು ಸರಿ, ಆದರೆ ಫೈಲಿನ `epoch` ಕಾಲಮ್ಮಿನಲ್ಲಿದ್ದ ಯುನಿಕ್ಸ್ ಸಮಯದಲ್ಲಿ, ಅಂದರೆ ಕಂಪ್ಯೂಟರ್ ಸೆಕೆಂಡುಗಳನ್ನು ಎಣಿಸುವ ಲೆಕ್ಕದಲ್ಲಿ, ಆ ಸೆಕೆಂಡಿಗೆ ನಂಬರೇ ಇಲ್ಲ. ಅದರ ಲೆಕ್ಕದಲ್ಲಿ ಎಲ್ಲ ದಿನವೂ 86,400 ಮಾತ್ರ. ಅದಕ್ಕೇ ಕರ್ನಲ್ ಗಡಿಯಾರವನ್ನು ಒಂದು ಸೆಕೆಂಡ್ ಹಿಂದಕ್ಕೆ ಇಡುತ್ತದೆ, `1483228799` ಎರಡು ಸಲ ಬರುತ್ತದೆ.

ಸಾಕ್ಷಿ ಆ ಫೈಲಿನಲ್ಲೇ ಇತ್ತು. ಒಂದೇ ಸಾಲು ಎರಡು ಸಲ ಬಂದಿದ್ದರೆ ಕಿಲೋವ್ಯಾಟ್ ಕೂಡ ಒಂದೇ ಇರಬೇಕಿತ್ತು. ಇಲ್ಲಿ 3598, ಆಮೇಲೆ 3607. `seq` ಕೂಡ ಒಂದೊಂದಾಗಿ ಏರಿದೆ, ಎಲ್ಲೂ ತಪ್ಪಿಲ್ಲ. ಫ್ಯಾನು ಆ ಸೆಕೆಂಡ್ ನಿಜವಾಗಿ ತಿರುಗಿತ್ತು, ಕರೆಂಟ್ ನಿಜವಾಗಿ ಹೋಗಿತ್ತು. 3600 ಕಿಲೋವ್ಯಾಟ್ ಒಂದು ಸೆಕೆಂಡ್ ಹರಿದರೆ ಸರಿಯಾಗಿ ಒಂದು ಯೂನಿಟ್. ಬ್ಲಾಕಿನುದ್ದಕ್ಕೂ ಸರಾಸರಿ ಅಷ್ಟೇ ಇತ್ತು, ಹಾಗಾಗಿ ಆಗಬೇಕಾದದ್ದು 901 ಯೂನಿಟ್. ನಾನು 900 ಮಾಡಿದ್ದೆ. ಬಿಟ್ಟಿದ್ದರೆ ಸೊನ್ನೆ ಆಗುತ್ತಿತ್ತು. ಒಂದು ಯೂನಿಟ್ ದೊಡ್ಡ ಮಾತಲ್ಲ. ಆದರೆ ಅಳೆದದ್ದನ್ನು ಅಳಿಸಿ ಹಸಿರು ತೋರಿಸಿದ್ದು ನನಗೆ ಇವತ್ತಿಗೂ ಚುಚ್ಚುತ್ತದೆ. 31ರ ರಾತ್ರಿ ಗಡಿಯಾರದ ಸ್ಥಿತಿ ತೋರಿಸುವ `ntpq -c rv` ಹೊಡೆದಿದ್ದರೂ ಸಾಕಿತ್ತು. ನಡುರಾತ್ರಿ ದಾಟಿದ ಮೇಲೂ ಅದರಲ್ಲಿ `leap_add_sec` ಅಂತ ಇರುತ್ತಿತ್ತು, ಇನ್ನೂ ಬಂದಿಲ್ಲ ಅಂತ ತಿಳಿಯುತ್ತಿತ್ತು.

ಟೇಬಲ್ ಬದಲಿಸಲು ಮ್ಯಾನೇಜ್‌ಮೆಂಟ್ ಎರಡು ತಿಂಗಳು ತೆಗೆದುಕೊಂಡಿತು. ಒಂದು ಸೆಕೆಂಡಿಗೆ ಇಷ್ಟು ಕೆಲಸ ಯಾಕೆ ಅಂತ ಪ್ರತಿ ಮೀಟಿಂಗಿನಲ್ಲೂ ಕೇಳಿದರು. ಖಾಲಿ ಹೋದದ್ದು ಸೆಕೆಂಡಲ್ಲ, ಕಾಲು ಗಂಟೆ ಅಂತ ಪ್ರತಿ ಸಲ ಹೇಳಬೇಕಾಯಿತು. ಈಗ ಕೀ `seq`. ಲೀಪ್ ಸೆಕೆಂಡ್ ಇರುವ ದಿನ ಮಾತ್ರ 22ನೇ ಬ್ಲಾಕಿನಲ್ಲಿ 901 ಸಾಲನ್ನು ಸರಿ ಅಂತ ಒಪ್ಪುತ್ತದೆ. ಅಳಿಸಿದ ಸಾಲನ್ನು ಮೂಲ ಫೈಲಿನಿಂದ ವಾಪಸ್ ಹಾಕಿದೆವು. ಲಾಗ್ ಬುಕ್ಕಿನ ನನ್ನ ಸಾಲನ್ನು ಹೊಡೆದು ಹಾಕದೆ, ಕೆಳಗೆ ಸರಿಯಾದ ಸಮಯ ಬರೆದು ಸಹಿ ಮಾಡಿದೆ.

ಆಮೇಲೆ ಇನ್ನೊಂದು ಬಂದಿಲ್ಲ. ಭೂಮಿ ಈ ವರ್ಷಗಳಲ್ಲಿ ಸ್ವಲ್ಪ ಬೇಗ ತಿರುಗಿದೆ, ಕೆಲವು ದಿನ 86,400ಕ್ಕಿಂತಲೂ ಕೂದಲೆಳೆಯಷ್ಟು ಗಿಡ್ಡ ಇದ್ದವು. 0.9ರ ಮಿತಿಯನ್ನು 2035ರೊಳಗೆ ದೊಡ್ಡದು ಮಾಡಬೇಕು ಎಂದು 2022ರಲ್ಲಿ ತೀರ್ಮಾನವೂ ಆಗಿದೆ. ಆದರೂ ಜನವರಿ ಮತ್ತು ಜುಲೈನಲ್ಲಿ ಭೂಮಿಯ ತಿರುಗುವಿಕೆಯ ಲೆಕ್ಕ ಇಡುವ ಪ್ಯಾರಿಸ್‌ನ ಐಇಆರ್‌ಎಸ್ ಸಂಸ್ಥೆ ಲೀಪ್ ಸೆಕೆಂಡ್ ಬಗ್ಗೆ ಹೊರಡಿಸುವ ಬುಲೆಟಿನ್ ಸಿ ತೆಗೆದು ನೋಡುತ್ತೇನೆ. ಅದರಲ್ಲಿರುವ ಯುಟಿಸಿ ಸಮಯಕ್ಕೆ ಐದೂವರೆ ಗಂಟೆ ಕೂಡಿಸಿ ಪಾಳಿ ಪಟ್ಟಿಯ ಪಕ್ಕ ಬರೆಯುವ ಜಾಗವನ್ನು ಬಿಟ್ಟಿಟ್ಟಿದ್ದೇವೆ.