ಗೇಟಿನ ದೀಪ, ಬೈಕಿನ ಬೆಳಕು

ಕತ್ತಲಾದರೆ ತಾನೇ ಹೊತ್ತಲಿ ಎಂದು ಗೇಟಿನ ದೀಪಕ್ಕೆ ಬೆಳಕು ಗ್ರಹಿಸುವ ಎಲ್‌ಡಿಆರ್ ಸೆನ್ಸರ್ ಹಾಕಿದ್ದೆ, ಆದರೆ ತಿರುವಿನಲ್ಲಿ ಬೈಕ್ ಬಂದಾಗಲೆಲ್ಲ ಆರಿಹೋಗುತ್ತಿತ್ತು. ಮೂರು ಸಂಜೆ ಅಲ್ಲೇ ಕೂತು ಆರ್ಡುಯಿನೊ ಬೋರ್ಡ್ ತೋರಿಸುವ ಬೆಳಕಿನ ರೀಡಿಂಗ್ ಬರೆದುಕೊಂಡೆ. ದೀಪ ಬೇಕು ಅನ್ನಿಸುವ ಹೊತ್ತಿಗೆ 200, ಹೆಡ್‌ಲೈಟ್ ಬಿದ್ದರೆ ಸೀದಾ 700. 200ಕ್ಕಿಂತ ಇಳಿದರೆ ಹೊತ್ತಿ, 350 ದಾಟಿದರೆ ಆರುವಂತೆ ಮಾಡಿದೆ. ಮುಸ್ಸಂಜೆಯಲ್ಲಿ ಪದೇ ಪದೇ ಹೊತ್ತಿ ಆರುವುದು ನಿಂತಿತು, ಬೈಕಿನ ಕಾಟ ನಿಲ್ಲಲಿಲ್ಲ. 700 ಅಂದರೆ 350ನ್ನೂ ದಾಟಿದ ಹಾಗೆ ಅಲ್ವಾ.

ಆಮೇಲೆ ಹೊಳೆಯಿತು, ಹೆಡ್‌ಲೈಟ್ ಇರೋದು ನಾಲ್ಕೈದು ಸೆಕೆಂಡ್, ಬೆಳಗಿನ ಬೆಳಕು ಬಂದರೆ ಹೋಗೋದೇ ಇಲ್ಲ. ಹಾಗಾಗಿ 350ರ ಮೇಲೆ ಬಿಡದೆ 60 ಸೆಕೆಂಡ್ ಇದ್ದರೆ ಮಾತ್ರ ಆರುವಂತೆ ಮಾಡಿದೆ, ನಡುವೆ ಒಮ್ಮೆ ಇಳಿದರೂ ಎಣಿಕೆ ಮತ್ತೆ ಸೊನ್ನೆಯಿಂದ. ಎಲ್‌ಡಿಆರ್‌ಗೆ ಕಪ್ಪು ಪೈಪಿನ ತುಂಡು ತೊಡಿಸಿ ಆಕಾಶಕ್ಕೆ ತಿರುಗಿಸಿದೆ; ರೀಡಿಂಗ್ ಇಳಿಯಿತು, ಎರಡೂ ಅಂಕಿಗಳನ್ನು ಮತ್ತೆ ಅಳೆದು ಹಾಕಿದೆ. ಅಜ್ಜಿ ದೀಪ ಹಚ್ಚುತ್ತಿದ್ದದ್ದೂ ಆಕಾಶ ನೋಡಿಯೇ.

ನಿನ್ನೆ ಲಾರಿಯೊಂದು ಗೇಟಿನ ಮುಂದೆಯೇ ತಿರುಗಿಸಿಕೊಂಡು ಹೋಯಿತು, ದೀಪ ಉರಿಯುತ್ತಲೇ ಇತ್ತು.