ಹೋಟೆಲ್ ಕೆಲಸದಲ್ಲಿ ನೈಟ್ ಆಡಿಟ್ ಎಂಬ ಮೆಟ್ಟಿಲು

ದುಬೈನ ಹೋಟೆಲುಗಳಲ್ಲಿ ಕೆಲಸ ಹುಡುಕುವ ನಮ್ಮ ಮಂಡ್ಯ, ಮೈಸೂರು ಕಡೆಯ ಹುಡುಗ ಹುಡುಗಿಯರು ನನಗೆ ಆಗಾಗ ಮೆಸೇಜ್ ಮಾಡುತ್ತಾರೆ. ಹೋದ ವಾರ ಮದ್ದೂರಿನ ಒಬ್ಬ ಹುಡುಗ ಕೇಳಿದ: "ಅಣ್ಣ, ಫ್ರಂಟ್ ಆಫೀಸ್ ಅಂತ ಹೇಳಿ ನೈಟ್ ಡ್ಯೂಟಿ ಕೊಡ್ತಾವ್ರೆ. ನೈಟ್ ಆಡಿಟರ್ ಅಂತೆ. ಒಪ್ಕಬೋದಾ?"

ಒಪ್ಪಿಕೋ ಅಂದೆ. ಆದರೆ ಎರಡು ವಿಷಯ ತಿಳಿದುಕೊಂಡು ಒಪ್ಪಿಕೋ ಅಂದೆ. ಹೋಟೆಲಿನ ಅವತ್ತಿನ ಲೆಕ್ಕವನ್ನೆಲ್ಲ ರಾತ್ರಿ ಕೂತು ತಾಳೆ ನೋಡಿ ಮುಗಿಸುವ ಕೆಲಸ ಇದು. ನಾನೂ ಅದೇ ಮೆಟ್ಟಿಲು ಹತ್ತಿ ಬಂದವನು. ಇವತ್ತು ರೂಮಿನ ದರ ನಿಗದಿ ಮಾಡುವ ರೆವಿನ್ಯೂ ವಿಭಾಗದಲ್ಲಿದ್ದೇನೆ ಅಂದರೆ ಅದಕ್ಕೆ ಆ ರಾತ್ರಿಗಳೇ ಕಾರಣ.

ಮೊದಲು ಸಂಬಳದ ಮಾತು. ಇಲ್ಲಿ ಹೊಸಬರಿಗೆ ಸಂಬಳ ಕಡಿಮೆ, ಅದು ನಿಜ. ಸಾಮಾನ್ಯವಾಗಿ ಇರಲು ರೂಮು, ಡ್ಯೂಟಿ ಊಟ, ಹೋಗಿಬರಲು ಬಸ್ಸು ಹೋಟೆಲಿನವರೇ ಕೊಡುತ್ತಾರೆ. ಹಾಗಾಗಿ ಕೈಗೆ ಬರುವ ದುಡ್ಡಿನಲ್ಲಿ ಹೆಚ್ಚಿನದನ್ನು ಮನೆಗೆ ಕಳಿಸಬಹುದು. ಆದರೆ ಆಫರ್ ಲೆಟರ್‌ನಲ್ಲಿ ಒಟ್ಟು ಮೊತ್ತ ನೋಡಿ ಖುಷಿಪಡಬೇಡಿ. ಬೇಸಿಕ್ ಎಷ್ಟು ಅಂತ ನೋಡಿ. ಒಂದು ಹೋಟೆಲ್ ಒಟ್ಟು 2,200 ದಿರ್ಹಮ್ ಕೊಡುತ್ತದೆ, ಅದರಲ್ಲಿ ಬೇಸಿಕ್ 1,500. ಇನ್ನೊಂದೂ 2,200 ಕೊಡುತ್ತದೆ, ಆದರೆ ಬೇಸಿಕ್ 1,000, ಉಳಿದದ್ದು ಭತ್ಯೆ. ತಿಂಗಳ ಕೊನೆಗೆ ಎರಡೂ ಒಂದೇ. ಕೆಲಸ ಬಿಡುವ ದಿನ ಒಂದೇ ಅಲ್ಲ. ಯುಎಇ ಕಾನೂನಿನ ಪ್ರಕಾರ ಒಂದು ವರ್ಷ ಪೂರೈಸಿದವರಿಗೆ, ಮೊದಲ 5 ವರ್ಷದವರೆಗೆ, ವರ್ಷಕ್ಕೆ 21 ದಿನದ ಬೇಸಿಕ್ ಲೆಕ್ಕದಲ್ಲಿ ಗ್ರಾಚ್ಯುಟಿ ಸಿಗುತ್ತದೆ. ಮೊದಲ ಕಡೆ ವರ್ಷಕ್ಕೆ 1,050 ದಿರ್ಹಮ್, ಎರಡನೇ ಕಡೆ 700. ಓವರ್‌ಟೈಮ್ ಲೆಕ್ಕವೂ ಬೇಸಿಕ್ ಮೇಲೆಯೇ.

ಓವರ್‌ಟೈಮ್ ಬಗ್ಗೆ ಇನ್ನೊಂದು ಮಾತು. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಅನ್ನೋದು ಇಲ್ಲಿಯ ನಿಯಮ. ಅದಕ್ಕಿಂತ ಜಾಸ್ತಿ ಮಾಡಿದರೆ ಆ ಗಂಟೆಗಳಿಗೆ 25% ಹೆಚ್ಚು, ರಾತ್ರಿ 10ರಿಂದ ಬೆಳಗಿನ 4ರ ನಡುವೆ ಮಾಡಿದರೆ 50% ಹೆಚ್ಚು. ಆ ರಾತ್ರಿಯ 50% ಶಿಫ್ಟ್ ಮೇಲೆ ಕೆಲಸ ಮಾಡುವವರಿಗೆ ಅನ್ವಯಿಸುವುದಿಲ್ಲ. ನೈಟ್ ಆಡಿಟರ್ ಶಿಫ್ಟ್‌ನವನೇ ಅಲ್ವಾ? ಹಾಗಾಗಿ ನಿದ್ದೆ ಕೆಟ್ಟದ್ದಕ್ಕೆ ಅಂತ ಬೇರೆ ದುಡ್ಡು ಸಿಗುತ್ತೆ ಅಂದುಕೊಂಡು ಬರಬೇಡಿ. ಬಿಲ್ಲಿನಲ್ಲಿ ಕಾಣುವ ಸರ್ವಿಸ್ ಚಾರ್ಜ್ ಕೂಡ ಎಲ್ಲಾ ಕಡೆ ಸಿಬ್ಬಂದಿಗೆ ಹಂಚುವುದಿಲ್ಲ. ಇಂಟರ್‌ವ್ಯೂನಲ್ಲೇ ಕೇಳಿ.

ಹಾಗಾದರೆ ಈ ಕೆಲಸ ಯಾಕೆ ಬೇಕು? ಇಡೀ ಹೋಟೆಲಿನ ದುಡ್ಡು ಹೇಗೆ ಬರುತ್ತೆ, ಎಲ್ಲಿ ಸೋರುತ್ತೆ ಅನ್ನೋದು ಹೊಸಬನೊಬ್ಬನ ಕಣ್ಣಿಗೆ ಬೀಳುವ ಜಾಗ ಇದೊಂದೇ.

ರಾತ್ರಿ 11ಕ್ಕೆ ಡ್ಯೂಟಿ ಶುರು. ಮೊದಲು ಅವತ್ತು ಬರಬೇಕಿದ್ದು ಬಾರದವರ ಪಟ್ಟಿ ನೋಡಬೇಕು. ಯಾರ ಬುಕಿಂಗ್‌ಗೆ ಕಾರ್ಡ್ ಗ್ಯಾರಂಟಿ ಇದೆಯೋ ಅವರಿಗೆ ಮೊದಲ ರಾತ್ರಿಯ ಬಾಡಿಗೆ ಹಾಕಬೇಕು. ಆದರೆ ಅದಕ್ಕೂ ಮುಂಚೆ ಈಮೇಲ್ ನೋಡಲೇಬೇಕು. ವಿಮಾನ ತಡವಾಗಿ ಬೆಳಗಿನ ಜಾವ 4ಕ್ಕೆ ಬರುವವರ ರೂಮನ್ನು ಬಾರದವರ ಲೆಕ್ಕಕ್ಕೆ ತಳ್ಳಿದರೆ, ಅವರು ಮಕ್ಕಳ ಜೊತೆ ಕೌಂಟರ್ ಮುಂದೆ ನಿಂತಾಗ ಕೊಡಲು ರೂಮೇ ಇರುವುದಿಲ್ಲ.

ಆಮೇಲೆ ರೆಸ್ಟೋರೆಂಟ್ ಲೆಕ್ಕ. ರೆಸ್ಟೋರೆಂಟಿನ ಬಿಲ್ಲಿಂಗ್ ಮೆಷಿನ್ ಹೇಳುವ ಮೊತ್ತಕ್ಕೂ ರೂಮುಗಳ ಖಾತೆಗೆ ಬಿದ್ದ ಮೊತ್ತಕ್ಕೂ ತಾಳೆಯಾಗಬೇಕು. ತಾಳೆಯಾದರೂ ಕೆಲಸ ಮುಗಿಯಲಿಲ್ಲ. 721ನೇ ರೂಮಿನವರು ತಿಂದ ಊಟ 712ರ ಖಾತೆಗೆ ಹೋಗಿದ್ದರೂ ಒಟ್ಟು ಮೊತ್ತ ಸರಿಯಾಗಿಯೇ ಇರುತ್ತದೆ! ಅದಕ್ಕೇ ಸಹಿ ಮಾಡಿದ ಚೀಟಿಗಳನ್ನು ಒಂದೊಂದಾಗಿ ಹೆಸರಿನ ಜೊತೆ ಹೋಲಿಸಬೇಕು.

ಮೂರನೆಯದು ದರದ ವ್ಯತ್ಯಾಸದ ರಿಪೋರ್ಟ್. ನನ್ನ ಮಟ್ಟಿಗೆ ಕಲಿಯಲು ಅತಿ ಮುಖ್ಯವಾದ ಹಾಳೆ ಇದು. ಪ್ರತಿ ರೂಮಿಗೆ ಇರಬೇಕಾದ ದರ ಎಷ್ಟು, ಹಾಕಿರುವ ದರ ಎಷ್ಟು ಅಂತ ಇದರಲ್ಲಿ ಇರುತ್ತದೆ. 400 ಬದಲು 40 ಅಂತ ಒತ್ತಿರುವುದು ಇಲ್ಲೇ ಸಿಕ್ಕಿಬೀಳುತ್ತದೆ. ದುಬೈನಲ್ಲಿ ಪ್ರತಿ ರೂಮಿಗೆ ರಾತ್ರಿಗಿಷ್ಟು ಅಂತ ಟೂರಿಸಂ ದಿರ್ಹಮ್ ಎಂಬ ಶುಲ್ಕವೂ ಇದೆ. ನಾಲ್ಕು ಸ್ಟಾರ್ ಹೋಟೆಲಿಗೆ 15, ಐದು ಸ್ಟಾರ್‌ಗೆ 20 ದಿರ್ಹಮ್. ಅದು ಬಿಟ್ಟುಹೋಗಿದೆಯಾ ಅಂತಲೂ ಈಗಲೇ ನೋಡಬೇಕು.

ಇಷ್ಟಾದ ಮೇಲೆ, ಸುಮಾರು 3 ಗಂಟೆಗೆ, ಒಳಗೆ ಇರುವ ಅತಿಥಿಗಳ ಪಟ್ಟಿ ಪ್ರಿಂಟ್ ತೆಗೆದಿಟ್ಟುಕೊಂಡು ದಿನ ಮುಗಿಸುವ ಬಟನ್ ಒತ್ತಬೇಕು. ಸಿಸ್ಟಮ್ ಕೆಟ್ಟರೆ ಯಾವ ರೂಮಿನಲ್ಲಿ ಯಾರಿದ್ದಾರೆ ಅಂತ ಹೇಳಲು ಆ ಕಾಗದವೇ ಗತಿ. ಬಟನ್ ಒತ್ತಿದರೆ ಎಲ್ಲಾ ರೂಮಿಗೂ ಬಾಡಿಗೆ, ತೆರಿಗೆ ಬಿದ್ದು ತಾರೀಕು ಮುಂದೆ ಹೋಗುತ್ತದೆ. ಆಮೇಲೆ ಸಿಕ್ಕ ತಪ್ಪನ್ನು ಮರುದಿನದ ಲೆಕ್ಕದಲ್ಲಿ ತಿದ್ದುಪಡಿ ಅಂತಲೇ ತೋರಿಸಬೇಕು, ಅದಕ್ಕೆ ಕಾರಣವನ್ನೂ ಬರೆಯಬೇಕು.

ಬೆಳಗ್ಗೆ 6ಕ್ಕೆ ಜನರಲ್ ಮ್ಯಾನೇಜರ್‌ಗೆ ರಿಪೋರ್ಟ್ ಹೋಗುತ್ತದೆ. ಸುಮಾರು ಜನ ಅದನ್ನು ಕಳಿಸಿ ಮಲಗಲು ಹೋಗುತ್ತಾರೆ. ನೀವು ಓದಿ. 200 ರೂಮಿನ ಹೋಟೆಲಿನಲ್ಲಿ ನಿನ್ನೆ 150 ರೂಮು ಹೋಗಿ 60,000 ದಿರ್ಹಮ್ ಬಂತು ಅಂದುಕೊಳ್ಳಿ. ಮಾರಿದ ರೂಮಿಗೆ ಸರಾಸರಿ 400. ಇದನ್ನು ಎಡಿಆರ್ ಅನ್ನುತ್ತಾರೆ. ಖಾಲಿ ಉಳಿದದ್ದನ್ನೂ ಸೇರಿಸಿ 200 ರೂಮಿಗೆ ಹಂಚಿದರೆ 300. ಅದು ರೆವ್‌ಪಾರ್. ಇವತ್ತು 120 ರೂಮು ಮಾತ್ರ ಹೋಗಿವೆ, ಆದರೆ ಸರಾಸರಿ 520ರಂತೆ. ಬಂದದ್ದು 62,400, ರೆವ್‌ಪಾರ್ 312. ರೂಮು ಕಡಿಮೆ ಹೋದರೂ ದುಡ್ಡು ಜಾಸ್ತಿ ಬಂತು, 30 ರೂಮು ಕ್ಲೀನ್ ಮಾಡುವ ಖರ್ಚೂ ಉಳಿಯಿತು. ಯಾಕೆ ಹೀಗಾಯಿತು, ಯಾವ ಬುಕಿಂಗ್ ಎಷ್ಟು ದಿನ ಮುಂಚೆ ಬಂದಿತ್ತು ಅಂತ ಹುಡುಕಲು ಶುರುಮಾಡಿದವನು ಆಗಲೇ ರೆವಿನ್ಯೂ ಮ್ಯಾನೇಜರ್ ಕೆಲಸ ಕಲಿಯುತ್ತಿದ್ದಾನೆ ಅಂತ ಅರ್ಥ.

ಅಲ್ಲಿಂದ ದಾರಿ ಎರಡು. ಫ್ರಂಟ್ ಆಫೀಸಿನಲ್ಲೇ ಉಳಿದರೆ ನೈಟ್ ಮ್ಯಾನೇಜರ್, ಫ್ರಂಟ್ ಆಫೀಸ್ ಮ್ಯಾನೇಜರ್, ಮುಂದೆ ಹೌಸ್‌ಕೀಪಿಂಗ್ ಕೂಡ ಸೇರುವ ರೂಮ್ಸ್ ಡಿವಿಷನ್. ಲೆಕ್ಕದ ಕಡೆ ಒಲವಿದ್ದರೆ ಇನ್ಕಮ್ ಆಡಿಟರ್ ಅಥವಾ ರಿಸರ್ವೇಷನ್ಸ್, ಆಮೇಲೆ ರೆವಿನ್ಯೂ ಅನಲಿಸ್ಟ್, ಮ್ಯಾನೇಜರ್. ವರ್ಷಗಳೇ ಹಿಡಿಯುತ್ತವೆ. ಪ್ರತಿ ಮೆಟ್ಟಿಲಿಗೂ ಒಂದು ಹೋಟೆಲ್ ಬದಲಿಸಬೇಕಾಗುವುದೂ ಉಂಟು.

ರಾತ್ರಿ ಪಾಳಿಯಲ್ಲೇ ಸಿಕ್ಕಿಹಾಕಿಕೊಂಡವರನ್ನೂ ಕಂಡಿದ್ದೇನೆ, ನೋಡಿದರೆ ಸಂಕಟವಾಗುತ್ತದೆ. ನಿದ್ದೆ ಹಾಳು, ಹೊಟ್ಟೆ ಹಾಳು, ಮನೆಗೆ ಫೋನ್ ಮಾಡಲೂ ಹೊತ್ತು ಹೊಂದುವುದಿಲ್ಲ. ಎರಡು ವರ್ಷ ಕಳೆದರೂ ದರದ ರಿಪೋರ್ಟನ್ನು ಫೈನಾನ್ಸ್‌ನವರೇ ಬೆಳಗ್ಗೆ ನೋಡುತ್ತಿದ್ದಾರೆ, ನಿಮ್ಮದು ಬರೀ ಬಟನ್ ಒತ್ತುವ ಕೆಲಸ ಅಂತಾದರೆ ಅಲ್ಲಿ ಕಲಿಯಲು ಏನೂ ಉಳಿದಿಲ್ಲ, ಜಾಗ ಬದಲಿಸಿ. ಚಿಕ್ಕ ಹೋಟೆಲುಗಳಲ್ಲಿ ಇನ್ನೊಂದು ಕಷ್ಟ. ರಾತ್ರಿ ರಿಸೆಪ್ಷನ್, ರೂಮ್ ಸರ್ವಿಸ್ ಎಲ್ಲವೂ ಒಬ್ಬನ ತಲೆ ಮೇಲೆಯೇ ಇರುತ್ತದೆ. ಆಡಿಟ್‌ಗೆ ಹೊತ್ತೇ ಸಿಗುವುದಿಲ್ಲ.

ಇದನ್ನು ಕಲಿಯಲು ಮೊದಲೇ ದುಬೈಗೆ ಬರಬೇಕಿಲ್ಲ. ಮೈಸೂರಿನ ಒಳ್ಳೆಯ ಹೋಟೆಲಿನಲ್ಲಿ ಒಂದು ದಸರಾ ಸೇರಿ ವರ್ಷವಿಡೀ ನೈಟ್ ಆಡಿಟ್ ಮಾಡಿ. ಜಂಬೂಸವಾರಿಯ ದಿನದ ದರಕ್ಕೂ ಹಬ್ಬ ಮುಗಿದ ಮುಂದಿನ ವಾರದ ದರಕ್ಕೂ ಇರುವ ಅಂತರವನ್ನು ನಿಮ್ಮ ಕೈಯಾರೆ ಬರೆದಿಡಿ. ಬಯೋಡೇಟಾದಲ್ಲಿ ಸುಮ್ನೆ 'ಫ್ರಂಟ್ ಆಫೀಸ್ ಅನುಭವ' ಅಂತ ಹಾಕಬೇಡಿ. ಎಷ್ಟು ರೂಮಿನ ಹೋಟೆಲು, ಯಾವ ಸಾಫ್ಟ್‌ವೇರ್, ದಿನ ಮುಗಿಸುವ ಕೆಲಸ ಒಬ್ಬರೇ ಮಾಡುತ್ತಿದ್ದಿರಾ, ಯಾವ ರಿಪೋರ್ಟ್ ಯಾರಿಗೆ ಕಳಿಸುತ್ತಿದ್ದಿರಿ, ಅದನ್ನು ಬರೆಯಿರಿ. ಇಲ್ಲಿ ನಾನು ಜನರನ್ನು ಆರಿಸುವಾಗ ಮೊದಲು ನೋಡುವುದು ಅದನ್ನೇ.