ದೊಡ್ಡಪ್ಪನ ಕರ್ಮಕ್ಕೆ ಎಷ್ಟು ದಿನ ರಜೆ?

ಬೆಂಗಳೂರಿನ ಒಂದು ಮಧ್ಯಮ ಗಾತ್ರದ ಕಂಪನಿಯಲ್ಲಿ ನಾನು ಎಚ್‌ಆರ್ ಕೆಲಸ ಮಾಡುತ್ತೇನೆ. ರಜೆಯ ಅರ್ಜಿಗಳಲ್ಲಿ ತಕರಾರು ಬಂದರೆ ಅದು ಕೊನೆಗೆ ನನ್ನ ಮೇಜಿಗೇ ಬರುತ್ತದೆ. ಅದರಲ್ಲೂ ಹೆಚ್ಚು ಎಳೆದಾಟ ಆಗುವುದು ಮನೆಯಲ್ಲಿ ಸಾವಾದಾಗ ಕೇಳುವ ರಜೆಯಲ್ಲಿ. ಅಪ್ಪ, ಅಮ್ಮ ಹೋದರೆ ಯಾರೂ ಪ್ರಶ್ನೆ ಕೇಳುವುದಿಲ್ಲ. ದೊಡ್ಡಪ್ಪ, ಸೋದರಮಾವ, ಅಜ್ಜಿಯ ತಂಗಿ ಅಂದ ಕೂಡಲೇ ಪಾಲಿಸಿ ಪುಸ್ತಕ ಹೊರಗೆ ಬರುತ್ತದೆ.

ನಮ್ಮ ಪುಸ್ತಕದಲ್ಲಿ ಇದ್ದದ್ದು ಇಷ್ಟು: ಗಂಡ ಅಥವಾ ಹೆಂಡತಿ, ಮಕ್ಕಳು, ತಂದೆ ತಾಯಿ, ಅತ್ತೆ ಮಾವ, ಒಡಹುಟ್ಟಿದವರು ತೀರಿಕೊಂಡರೆ ಮೂರು ದಿನ ರಜೆ. ಬೇರೆ ನೆಂಟರ ಮಾತೇ ಇಲ್ಲ. ಇದನ್ನು ಕಾನೂನು ಅಂದುಕೊಳ್ಳುವವರು ತುಂಬಾ ಜನ. ಅಲ್ಲ, ಇದು ಕಂಪನಿ ತಾನಾಗಿ ಕೊಡುವ ಸವಲತ್ತು. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯ್ದೆಯಲ್ಲಿ ಸಾವಿಗೆ ಅಂತ ಪ್ರತ್ಯೇಕ ರಜೆ ಇಲ್ಲ. ಅಲ್ಲಿರುವುದು 20 ದಿನ ಕೆಲಸಕ್ಕೆ ಒಂದು ದಿನದ ಗಳಿಕೆ ರಜೆ, ಜೊತೆಗೆ ವರ್ಷಕ್ಕೆ 12 ದಿನದವರೆಗೆ ಇನ್ನೊಂದು ರಜೆ. ಈ 12 ದಿನವನ್ನು ಎಲ್ಲರೂ ಸಿಕ್ ಲೀವ್ ಅಂತಾರೆ. ಆದರೆ ಕಾಯ್ದೆ ಕಾಯಿಲೆ, ಅಪಘಾತದ ಜೊತೆಗೆ ‘ಬೇರೆ ಯಾವುದೇ ಸಕಾರಣ’ ಅನ್ನುವುದನ್ನೂ ಸೇರಿಸಿದೆ. ಇದು ನೆನಪಿರಲಿ.

ನಮ್ಮಲ್ಲಿ ನಡೆದ ಒಂದು ಪ್ರಕರಣ ಹೇಳುತ್ತೇನೆ. ಟೆಸ್ಟಿಂಗ್ ಟೀಮಿನ ಒಬ್ಬ ಹುಡುಗ, ತೀರ್ಥಹಳ್ಳಿ ಕಡೆಯವನು. ಬುಧವಾರ ಬೆಳಗಿನ ಜಾವ ಅವನ ದೊಡ್ಡಪ್ಪ ತೀರಿಕೊಂಡರು. ಅವರಿಗೆ ಮಕ್ಕಳಿಲ್ಲ. ಇವನ ಅಪ್ಪನಿಗೆ ಸೊಂಟದ ಆಪರೇಷನ್ ಆಗಿ ನೆಲಕ್ಕೆ ಕೂರುವ ಹಾಗಿಲ್ಲ. ಹಾಗಾಗಿ ಕರ್ಮಕ್ಕೆ ಇವನೇ ಕೂರಬೇಕಾಯಿತು. ಬಸ್ಸಿನಿಂದಲೇ ಮ್ಯಾನೇಜರಿಗೆ ವಾಟ್ಸಾಪ್ ಮಾಡಿದ: ‘ದೊಡ್ಡಪ್ಪ ಹೋಗಿಬಿಟ್ಟರು, 13 ದಿನ ರಜೆ ಬೇಕು.’ ಮ್ಯಾನೇಜರಿಗೆ ಕಂಡದ್ದು ಎರಡೇ ಪದ: ದೊಡ್ಡಪ್ಪ ಮತ್ತು 13. ‘ದೊಡ್ಡಪ್ಪನಿಗೆ 13 ದಿನವಾ?’ ಅಂತ ನನಗೆ ಫಾರ್ವರ್ಡ್ ಮಾಡಿದರು.

ನಾನು ಹುಡುಗನಿಗೆ ಸಂಜೆ ಫೋನ್ ಮಾಡಿದೆ. ಸಂತಾಪ ಹೇಳಿ, ‘ಇವತ್ತು ಲೆಕ್ಕ ಬೇಡಪ್ಪ, ಬುಧ, ಗುರು, ಶುಕ್ರ ನಾನು ನೋಡ್ಕೋತೀನಿ. ನಾಳೆ ಪುರೋಹಿತರು ದಿನ ಗೊತ್ತು ಮಾಡಿದ ಮೇಲೆ ಯಾವ ದಿನ ಏನು ಅಂತ ಬರೆದು ಕಳಿಸು’ ಅಂದೆ. ಸಾವಾದ ದಿನ ಯಾರೂ ಸರಿಯಾದ ಲೆಕ್ಕ ಕೊಡಲಾರರು. ಮನೆ ಮನೆಗೂ ಕ್ರಮ ಬೇರೆ. ಕೆಲವು ಮನೆಗಳಲ್ಲಿ ಮೊದಲ ದಿನದಿಂದಲೇ ನಿತ್ಯವಿಧಿ ನಡೆಯುತ್ತದೆ. ಇನ್ನು ಕೆಲವರು ಮೊದಲ ದಿನಗಳದ್ದನ್ನೆಲ್ಲ ಸೇರಿಸಿ ಮುಂದೊಂದು ದಿನ ಮಾಡಿ ಮುಗಿಸುತ್ತಾರೆ. ಎಷ್ಟು ರಜೆ ಬೇಕು ಅನ್ನುವುದು ಇದರ ಮೇಲೇ ನಿಂತಿದೆ.

ಮಾರನೇ ದಿನ ಅವನ ಮೇಲ್ ಬಂತು. ಇಂಗ್ಲಿಷಿನಲ್ಲಿತ್ತು, ಕನ್ನಡದಲ್ಲಿ ಹೀಗಾಗುತ್ತದೆ:

‘ತೀರಿಕೊಂಡವರು ನನ್ನ ತಂದೆಯ ಅಣ್ಣ. ಅವರಿಗೆ ಮಕ್ಕಳಿಲ್ಲದ್ದರಿಂದ ಚಿತೆಗೆ ಬೆಂಕಿ ಕೊಟ್ಟವನು ನಾನು. ನಮ್ಮ ಮನೆಯ ಕ್ರಮದಲ್ಲಿ ಹಾಗೆ ಶುರು ಮಾಡಿದವನೇ ಕೊನೆಯವರೆಗೆ ಮಾಡಬೇಕು, ನಡುವೆ ಇನ್ನೊಬ್ಬರು ಕೂರುವ ಹಾಗಿಲ್ಲ. ಹತ್ತನೇ ದಿನದವರೆಗೆ ದಿನವೂ ಬೆಳಿಗ್ಗೆ ವಿಧಿ ಇದೆ. ಹತ್ತನೇ ದಿನ ಶುಕ್ರವಾರ ಧರ್ಮೋದಕ, ಶನಿವಾರ ಹನ್ನೊಂದು, ಭಾನುವಾರ ಸಪಿಂಡೀಕರಣ, ಸೋಮವಾರ ವೈಕುಂಠ ಸಮಾರಾಧನೆ. ಮಂಗಳವಾರ ಕೆಲಸಕ್ಕೆ ಬರುತ್ತೇನೆ. ಕೆಲಸದ ದಿನಗಳು ಒಂಬತ್ತು.’

ಈ ಮೇಲಿನಲ್ಲಿ ಎರಡು ವಿಷಯ ಕೆಲಸ ಮಾಡಿದವು. ಮೊದಲನೆಯದು, ಅವನು ಸಂಬಂಧವನ್ನು ದೊಡ್ಡದು ಮಾಡಲು ಹೋಗಲಿಲ್ಲ. ‘ನನಗೆ ಅಪ್ಪನ ಹಾಗೆ ಇದ್ದರು’ ಅಂತ ಬರೆಯುವವರೇ ಹೆಚ್ಚು. ಅದು ನಿಜವೇ ಇರಬಹುದು, ಆದರೆ ಪಾಲಿಸಿ ಪ್ರೀತಿಯನ್ನು ಅಳೆಯುವುದಿಲ್ಲ, ನಾನೂ ಅಳೆಯಲಾರೆ. ಇವನು ಬರೆದದ್ದು ತನ್ನ ಪಾತ್ರವನ್ನು. ಕರ್ಮಕ್ಕೆ ಕೂತವನು ನಾನು, ನನ್ನ ಬದಲಿಗೆ ಯಾರೂ ಇಲ್ಲ. ಇದನ್ನು ಮ್ಯಾನೇಜರ್‌ಗೂ ಅರ್ಥ ಮಾಡಿಸಬಹುದು, ಫೈನಾನ್ಸ್‌ಗೂ ಹೇಳಬಹುದು. ಪಾಲಿಸಿ ನೋಡುವುದು ನೆಂಟಸ್ತಿಕೆಯನ್ನು. ರಜೆ ಬೇಕಾಗುವುದು ಮಾತ್ರ ಯಾರು ಮಾಡುತ್ತಾರೆ ಅನ್ನುವುದರಿಂದ. ಅದೇ ದೊಡ್ಡಪ್ಪನ ಇನ್ನೊಬ್ಬ ತಮ್ಮನ ಮಗ ಪುಣೆಯಲ್ಲಿದ್ದ. ಅವನು ದಹನದ ದಿನ ಬಂದು ಹೋಗಿ, ಆಮೇಲೆ ಧರ್ಮೋದಕಕ್ಕೆ ಬಂದ. ಅಷ್ಟು ಸಾಕಾಯಿತು. ನೆಂಟಸ್ತಿಕೆ ಒಂದೇ, ರಜೆ ಬೇರೆ.

ಎರಡನೆಯದು 13 ಅನ್ನುವ ಸಂಖ್ಯೆಯನ್ನು ಒಂಬತ್ತಕ್ಕೆ ಇಳಿಸಿದ್ದು. ಬುಧವಾರ ಮೊದಲ ದಿನವಾದರೆ ಆ ವಾರ ಮೂರು ಕೆಲಸದ ದಿನ, ಮುಂದಿನ ವಾರ ಐದು, ಕೊನೆಯ ಸೋಮವಾರ ಒಂದು. ಉಳಿದ ನಾಲ್ಕು ದಿನ ಶನಿವಾರ, ಭಾನುವಾರ. ಎದುರಿಗಿದ್ದವರಿಗೆ 13 ಅಂದರೆ ಅರ್ಧ ತಿಂಗಳು ಅನಿಸುತ್ತದೆ. ಒಂಬತ್ತು ಅಂದರೆ ಒಂದು ಮದುವೆ ರಜೆಯಷ್ಟು, ಅಲ್ವಾ?

ಆದರೆ ನಮ್ಮ ಪಾಲಿಸಿಯಲ್ಲಿ ಸ್ಯಾಂಡ್‌ವಿಚ್ ನಿಯಮ ಇತ್ತು. ಶುಕ್ರವಾರವೂ ಸೋಮವಾರವೂ ರಜೆ ಹಾಕಿದರೆ ನಡುವಿನ ಶನಿವಾರ, ಭಾನುವಾರವನ್ನೂ ರಜೆ ಅಂತಲೇ ಎಣಿಸುತ್ತಾರೆ. ಅವನ ಹತ್ತಿರ ಕ್ಯಾಶುಯಲ್ ಲೀವ್ ನಾಲ್ಕು, ಗಳಿಕೆ ರಜೆ ಏಳು ಇತ್ತು. ಕ್ಯಾಶುಯಲ್ ಒಂದು ಸಲಕ್ಕೆ ಮೂರಕ್ಕಿಂತ ಜಾಸ್ತಿ ಹಾಕುವಂತಿಲ್ಲ. ಅಂದರೆ ಮೊದಲ ಮೂರು ದಿನಕ್ಕೆ ಕ್ಯಾಶುಯಲ್ ಹೋದರೆ ಉಳಿದ ಆರು ಕೆಲಸದ ದಿನಕ್ಕೆ ಗಳಿಕೆ ರಜೆ. ಸ್ಯಾಂಡ್‌ವಿಚ್ ಲೆಕ್ಕ ಹಿಡಿದರೆ ಇನ್ನೂ ನಾಲ್ಕು, ಒಟ್ಟು ಹತ್ತು. ಇರುವುದೇ ಏಳು. ಮೂರು ದಿನದ ಸಂಬಳ ಹೋಗುತ್ತದೆ, ಅದೂ ಆಫೀಸು ಮುಚ್ಚಿರುವ ದಿನಗಳ ಲೆಕ್ಕದಲ್ಲಿ!

ನಾನು ನನ್ನ ಮೇಲಿನವರಿಗೆ ಎರಡು ವಿನಾಯಿತಿ ಕೇಳಿದೆ. ಕರ್ಮ ಮಾಡುವವನು ಇವನೇ ಆದ್ದರಿಂದ ಮೂರು ದಿನದ ಸಾವಿನ ರಜೆಯನ್ನು ಇವನಿಗೂ ಕೊಡಿ, ಜೊತೆಗೆ ಸ್ಯಾಂಡ್‌ವಿಚ್ ಬಿಡಿ. ‘ನಾಳೆ ಎಲ್ಲರೂ ಕೇಳಿದರೆ?’ ಅನ್ನುವ ಪ್ರಶ್ನೆ ಬಂದೇ ಬಂತು. ಒಬ್ಬ ಮನುಷ್ಯ ತನ್ನ ಜೀವನದಲ್ಲಿ ಎಷ್ಟು ಸಲ ಕರ್ಮಕ್ಕೆ ಕೂರುತ್ತಾನೆ ಹೇಳಿ ಅಂದೆ. ನೆಂಟರ ಪಟ್ಟಿ ಉದ್ದ ಮಾಡಿದರೆ ಅರ್ಜಿ ಹೆಚ್ಚಬಹುದು. ಕರ್ಮ ಮಾಡುವವನಿಗೆ ಅಂತ ಇಟ್ಟರೆ ಒಂದು ಸಾವಿಗೆ ಒಬ್ಬನೇ. ಅದು ಅವರಿಗೆ ಹಿಡಿಸಿತು. ಎರಡೂ ಒಪ್ಪಿದರು. ಗಳಿಕೆ ರಜೆ ಆರು ಹೋಗಿ ಒಂದು ಉಳಿಯಿತು. ಕ್ಯಾಶುಯಲ್ ನಾಲ್ಕೂ ಹಾಗೇ ಉಳಿದವು. ಅದು ಮುಖ್ಯ, ಯಾಕೆಂದರೆ ಹದಿಮೂರಕ್ಕೆ ಎಲ್ಲ ಮುಗಿಯುವುದಿಲ್ಲ. ಆಮೇಲೆ ಮಾಸಿಕಗಳಿವೆ, ವರ್ಷಾಂತಿಕ ಇದೆ. ಅವು ತಿಥಿ ನೋಡಿ ಬರುತ್ತವೆ, ತಾರೀಕು ನೋಡಿ ಅಲ್ಲ. ವಾರದ ನಡುವೆ ಬಿದ್ದರೆ ಮತ್ತೆ ರಜೆ ಬೇಕು.

ಮ್ಯಾನೇಜರ್ ಒಳ್ಳೆ ಮನಸ್ಸಿನಿಂದಲೇ ಒಂದು ಸಲಹೆ ಕೊಟ್ಟಿದ್ದರು: ‘ಬೆಳಿಗ್ಗೆ ತಾನೇ ವಿಧಿ, ಮಧ್ಯಾಹ್ನದ ಮೇಲೆ ಅಲ್ಲಿಂದಲೇ ಎರಡು ಗಂಟೆ ಲಾಗಿನ್ ಆಗಲಿ, ಅರ್ಧ ದಿನ ರಜೆ ಉಳಿಯುತ್ತೆ.’ ನಾನು ಬೇಡ ಅಂದೆ. ಕರ್ಮಕ್ಕೆ ಕೂತವನು ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ಶುರು ಮಾಡಿದರೆ ಎಲೆ ಮುಂದೆ ಕೂರುವ ಹೊತ್ತಿಗೆ ಎರಡು ಗಂಟೆ ದಾಟಿರುತ್ತದೆ. ಒಂದೇ ಹೊತ್ತಿನ ಊಟ. ಆಮೇಲೆ ಬಂದುಹೋಗುವ ಜನ, ಮರುದಿನದ ಸಾಮಾನಿನ ಪಟ್ಟಿ. ಅಂಥವನು ತೆರೆದ ಬಗ್ ಯಾರಿಗೂ ಉಪಯೋಗ ಇಲ್ಲ. ಮೇಲಾಗಿ ಒಮ್ಮೆ ಲಾಗಿನ್ ಆದರೆ ‘ಸಿಗ್ತಾನೆ’ ಅಂತ ಎಲ್ಲರೂ ಫೋನ್ ಶುರು ಮಾಡುತ್ತಾರೆ. ಅವನ ಕೆಲಸವನ್ನು ಇಬ್ಬರಿಗೆ ಹಂಚಿ, ತುರ್ತು ಇದ್ದರೆ ಅವರಲ್ಲಿ ಒಬ್ಬರು ಮಾತ್ರ ಸಂಜೆ ಐದರ ಮೇಲೆ ಮೆಸೇಜ್ ಮಾಡಬಹುದು ಅಂತ ಇಟ್ಟೆವು.

ದಾಖಲೆಯ ವಿಷಯಕ್ಕೆ ಬಂದರೆ, ನಮ್ಮ ಸಾಫ್ಟ್‌ವೇರ್ ಡೆತ್ ಸರ್ಟಿಫಿಕೇಟ್ ಹಾಕದೆ ಅರ್ಜಿಯನ್ನು ಮುಂದೆ ಬಿಡುತ್ತಿರಲಿಲ್ಲ. ಸಾವನ್ನು ನೋಂದಾಯಿಸಲು ಕಾನೂನೇ 21 ದಿನ ಕೊಡುತ್ತದೆ. ಹದಿಮೂರು ದಿನದ ರಜೆಗೆ ಅದನ್ನು ಮೊದಲೇ ಕೇಳಿದರೆ ಎಲ್ಲಿಂದ ತರುವುದು? ನಾನು ವೈಕುಂಠ ಸಮಾರಾಧನೆಯ ಕಾರ್ಡಿನ ಫೋಟೋ ತೆಗೆದುಕೊಂಡೆ. ಅದರಲ್ಲಿ ತೀರಿಕೊಂಡವರ ಹೆಸರು, ದಿನ, ಜಾಗ ಎಲ್ಲ ಇತ್ತು. ಕೆಳಗೆ ‘ದುಃಖತಪ್ತರು’ ಅನ್ನುವಲ್ಲಿ ದೊಡ್ಡಮ್ಮನ ಹೆಸರಿನ ಮುಂದೆಯೇ ಇವನ ಹೆಸರು. ಇದಕ್ಕಿಂತ ಸ್ಪಷ್ಟ ಪುರಾವೆ ಇನ್ನೇನು ಬೇಕು. ಒಂದು ಮಾತು: ಸಾಫ್ಟ್‌ವೇರಿನ ಪಟ್ಟಿಯಲ್ಲಿ ದೊಡ್ಡಪ್ಪ ಇಲ್ಲ ಅಂತ ‘ತಂದೆ’ ಅನ್ನುವುದನ್ನು ಒತ್ತಬೇಡಿ. ಎರಡು ವರ್ಷ ಬಿಟ್ಟು ನಿಜವಾಗಿ ಆ ರಜೆ ಬೇಕಾದಾಗ ಹಳೇ ದಾಖಲೆ ಅಡ್ಡ ಬರುತ್ತದೆ. ಸುಳ್ಳು ಮಾಹಿತಿ ಕೊಟ್ಟರು ಅಂತ ಶಿಸ್ತುಕ್ರಮವೂ ಆಗಬಹುದು. ‘ಇತರೆ’ ಒತ್ತಿ, ಕಾರಣದ ಜಾಗದಲ್ಲಿ ಬರೆಯಿರಿ.

ಇಷ್ಟೆಲ್ಲ ಆದರೂ ಆ ತಿಂಗಳ ಸಂಬಳದಲ್ಲಿ ಮೂರು ದಿನ ಕಟ್ ಆಯಿತು. ವಿನಾಯಿತಿ ಇದ್ದದ್ದು ಇಮೇಲಿನಲ್ಲಿ, ಸಂಬಳದ ಲೆಕ್ಕ ಹಾಕುವುದು ಸಾಫ್ಟ್‌ವೇರ್. ಅದು ಶನಿವಾರ, ಭಾನುವಾರಗಳನ್ನು ತನ್ನ ಪಾಡಿಗೆ ನುಂಗಿತ್ತು. ಮುಂದಿನ ತಿಂಗಳು ಬಾಕಿ ಅಂತ ವಾಪಸ್ ಕೊಡಿಸಿದೆವು. ರಜೆಯಿಂದ ಬಂದ ದಿನವೇ ನಿಮ್ಮ ಲೀವ್ ಬ್ಯಾಲೆನ್ಸ್ ತೆಗೆದು ನೋಡಿ. ಸಂಬಳದ ಲೆಕ್ಕ ಮುಚ್ಚುವ ತಾರೀಕಿನ ಒಳಗೆ ಹೇಳಿದರೆ ಅಲ್ಲೇ ಸರಿಯಾಗುತ್ತದೆ.

ಎಲ್ಲರಿಗೂ ಹದಿಮೂರು ದಿನ ಬೇಕು ಅಂತಲೂ ಇಲ್ಲ. ಆಮೇಲೆ ಮಂಡ್ಯ ಕಡೆಯ ಒಬ್ಬ ಹುಡುಗಿಯ ಅರ್ಜಿ ಬಂತು. ಸೋಮವಾರ ಸೋದರಮಾವ ತೀರಿಕೊಂಡಿದ್ದರು. ಅವರ ಮನೆಯಲ್ಲಿ ಮೂರನೇ ದಿನ ಹಾಲು ತುಪ್ಪ, ಹನ್ನೊಂದನೇ ದಿನ ತಿಥಿ. ನಡುವೆ ದಿನವೂ ಇರಲೇಬೇಕು ಅನ್ನುವಂಥದ್ದು ಅವಳ ಪಾಲಿಗೆ ಏನೂ ಇರಲಿಲ್ಲ. ಸೋಮವಾರದಿಂದ ಬುಧವಾರದವರೆಗೆ ಮೂರು ದಿನ, ಮುಂದಿನ ವಾರದ ಗುರುವಾರ ಒಂದು ದಿನ, ಒಟ್ಟು ನಾಲ್ಕು. ನಡುವಿನ ದಿನ ಊರಿಂದಲೇ ಕೆಲಸ ಮಾಡಿದಳು. ಅಲ್ಲಿ ಅದು ಸಲೀಸಾಗಿ ನಡೆಯಿತು, ಅವಳಿಗೂ ಅಮ್ಮನ ಜೊತೆ ಇರಲು ಆಯಿತು. ಅವಳ ತೊಂದರೆ ಬೇರೆ. ಪ್ರೊಬೇಷನ್‌ನಲ್ಲಿದ್ದಳು, ಖಾತೆಯಲ್ಲಿ ಇದ್ದದ್ದು ಒಂದೇ ಕ್ಯಾಶುಯಲ್. ಕರ್ಮ ಮಾಡುವವಳೂ ಅಲ್ಲ, ಹಾಗಾಗಿ ಹಿಂದಿನ ವಿನಾಯಿತಿ ಅವಳಿಗೆ ಸಿಗಲಿಲ್ಲ. ಮುಂದೆ ಬರುವ ಗಳಿಕೆ ರಜೆಯಿಂದ ಮೂರು ದಿನ ಮುಂಗಡ ಕೊಡಿ ಅಂತ ಕೇಳಲು ಹೇಳಿದೆ, ಬರೆದು ಕೇಳಿದಳು. ಫೈನಾನ್ಸ್‌ನವರು ಎರಡು ದಿನಕ್ಕೆ ಒಪ್ಪಿದರು. ಒಂದು ದಿನದ ಸಂಬಳ ಹೋಯಿತು.